ಶಿಕ್ಷೆ ಕೊಡದೆ ಕೂರಿಸಿ ಮಾತನಾಡಿಸಿದರೆ ತಪ್ಪು ಮಾಡಿದವರನ್ನು ಬಿಟ್ಟಂತಾಗುವುದಿಲ್ಲವೇ?

ಓದುಗರ ಪ್ರಶ್ನೆ: ನಮ್ಮ ಶಾಲೆಯಲ್ಲಿ ಹುಡುಗರು ಸೇರಿ ಏನನ್ನಾದರೂ ಒಡೆದು ಹಾಕಿದರೆ ಅಥವಾ ಮೆತ್ತಗಿರುವ ಒಬ್ಬನನ್ನು ದಿನವೂ ಪೀಡಿಸಿದರೆ, ಈಗ ಶಿಕ್ಷೆಯ ಬದಲು ಎಲ್ಲರನ್ನೂ ಸುತ್ತ ಕೂರಿಸಿ ಮಾತನಾಡಿಸುತ್ತಾರೆ. ಮಕ್ಕಳಿಗೆ ಭಯವೇ ಇಲ್ಲದಂತಾಗುವುದಿಲ್ಲವೇ?

ಈ ಪ್ರಶ್ನೆಯನ್ನು ನಾನು ಮೇಷ್ಟ್ರಾಗಿದ್ದ ಕಾಲದಿಂದಲೂ ಕೇಳುತ್ತಿದ್ದೇನೆ. ಮೊದಮೊದಲು ನಾನೂ ಇದನ್ನೇ ಕೇಳುತ್ತಿದ್ದೆ. ನನ್ನ ಮನಸ್ಸು ಬದಲಾದದ್ದು ಒಂದು ಹಿರಿಯ ಪ್ರಾಥಮಿಕ ಶಾಲೆಯ ನಾಲ್ಕು ನಲ್ಲಿಗಳಿಂದ.

ಏಳನೆಯ ತರಗತಿಯ ಮೂವರು ಹುಡುಗರು ಒಂದು ಸಂಜೆ, ಊಟಕ್ಕೆ ಮುನ್ನ ಕೈ ತೊಳೆಯುವ ಆ ನಲ್ಲಿಗಳನ್ನು ಕಲ್ಲಿನಿಂದ ಹೊಡೆದು ಮುರಿದರು. ಬೆಳಿಗ್ಗೆ ನೋಡಿದರೆ ಟ್ಯಾಂಕ್ ಪೂರ್ತಿ ಖಾಲಿ. ಶಾಲೆಯಲ್ಲಿ ಎದ್ದ ಮೊದಲ ಮಾತು ನಮಗೆಲ್ಲ ಗೊತ್ತಿರುವುದೇ: ಅಪ್ಪಂದಿರನ್ನು ಕರೆಸಿ, ದಂಡ ಕಟ್ಟಿಸಿ, ಪ್ರಾರ್ಥನೆಯ ಸಾಲಿನ ಮುಂದೆ ನಿಲ್ಲಿಸಿ, ಟಿ.ಸಿ. ಕೊಟ್ಟು ಕಳುಹಿಸಿ. ಇವುಗಳಲ್ಲಿ ಕೆಲವಕ್ಕೆ ಕಾನೂನೇ ಅಡ್ಡ ಬರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೆಯ ಸೆಕ್ಷನ್ ಪ್ರಕಾರ ಎಂಟನೆಯ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 17ನೆಯದು ಹೊಡೆತವನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಆದರೆ ನನಗೆ ಆಗ ಮುಖ್ಯವಾಗಿ ಕಂಡದ್ದು ಬೇರೆ ಸಂಗತಿ. ದಂಡ ಕಟ್ಟಿಸಿದರೆ ಅದನ್ನು ಕಟ್ಟುವವನು ಕೂಲಿಗೆ ಹೋಗುವ ಅಪ್ಪ. ಮಗ ಮನೆಯಲ್ಲಿ ಎರಡೇಟು ತಿನ್ನುತ್ತಾನೆ, ಅಲ್ಲಿಗೆ ಲೆಕ್ಕ ಚುಕ್ತಾ. ಮುರಿದ ನಲ್ಲಿಯಿಂದ ಕಷ್ಟಪಟ್ಟವರು ಯಾರು ಎಂದು ಆ ಹುಡುಗನಿಗೆ ಗೊತ್ತೇ ಆಗುವುದಿಲ್ಲ.

ಎರಡು ದಾರಿಗಳ ವ್ಯತ್ಯಾಸ ಇರುವುದು ಇಲ್ಲೇ. ದಂಡಿಸುವ ನ್ಯಾಯ ಕೇಳುವುದು: ಯಾವ ನಿಯಮ ಮುರಿಯಿತು, ಯಾರು ಮುರಿದರು, ಎಷ್ಟು ಶಿಕ್ಷೆ? ಸರಿಪಡಿಸುವ ನ್ಯಾಯ ಕೇಳುವುದು: ಯಾರಿಗೆ ನೋವಾಯಿತು, ಅವರಿಗೆ ಈಗ ಏನು ಬೇಕು, ಅದನ್ನು ಕೊಡುವ ಹೊಣೆ ಯಾರದು? ಈ ಪದ್ಧತಿಯ ಆರಂಭವೆಂದು ಸಾಮಾನ್ಯವಾಗಿ ಹೇಳುವ ಪ್ರಕರಣವೂ ಒಡೆದು ಹಾಕಿದ್ದರದ್ದೇ. 1974ರಲ್ಲಿ ಕೆನಡಾದ ಎಲ್ಮೈರಾ ಎಂಬ ಊರಿನಲ್ಲಿ ಕುಡಿದ ಇಬ್ಬರು ಯುವಕರು ಒಂದೇ ರಾತ್ರಿ 22 ಕಡೆ ಆಸ್ತಿ ಹಾಳು ಮಾಡಿದ್ದರು. ಮಾರ್ಕ್ ಯಾಂಟ್ಜಿ ಎಂಬ ಪ್ರೊಬೇಷನ್ ಅಧಿಕಾರಿಯ ಸಲಹೆಯಂತೆ, ನಷ್ಟವಾದವರ ಮನೆಬಾಗಿಲಿಗೆ ಹೋಗಿ ಅವರನ್ನು ಕಾಣಬೇಕೆಂದು ನ್ಯಾಯಾಧೀಶರು ಹೇಳಿದರು. ಆ ಯುವಕರು ಬಾಗಿಲು ತಟ್ಟಿ ಎದುರಿಗೆ ನಿಂತು ಮಾತು ಕೇಳಿಸಿಕೊಂಡರು, ಆಮೇಲೆ ನಷ್ಟದ ಹಣವನ್ನೂ ಕಟ್ಟಿದರು. ಒಡೆದ ಕಿಟಕಿಯ ಹಿಂದಿನ ಮುಖ ನೋಡುವುದು ಸುಲಭದ ಕೆಲಸವಲ್ಲ.

ನಮ್ಮ ಶಾಲೆಯಲ್ಲಿ ಸಭೆಗೆ ಮೊದಲು ನಾನು ಮೂವರೊಂದಿಗೂ ಒಬ್ಬೊಬ್ಬರಾಗಿ ಮಾತನಾಡಿದೆ. ಇದನ್ನು ಬಿಟ್ಟರೆ ಸಭೆ ಕೆಡುತ್ತದೆ. ತಾನು ಮಾಡಿದ್ದೆಂದು ಒಪ್ಪಿಕೊಳ್ಳದವನನ್ನು ಕೂರಿಸಬಾರದು, ಏಕೆಂದರೆ ಆಗ ಸಭೆ ವಿಚಾರಣೆಯಾಗಿಬಿಡುತ್ತದೆ. "ಏಕೆ ಮಾಡಿದೆ?" ಎಂದು ಕೇಳಬಾರದೆಂದೂ ಆಗ ಕಲಿತೆ. ಆ ಪ್ರಶ್ನೆಗೆ ಮಕ್ಕಳು ಹೇಳುವುದು ಒಂದೇ ಉತ್ತರ, "ಸುಮ್ಮನೆ ಸಾರ್". ಬದಲಿಗೆ ಏನಾಯಿತು, ಆಗ ಮನಸ್ಸಿನಲ್ಲಿ ಏನಿತ್ತು, ಇದರಿಂದ ಯಾರಿಗೆ ಏನು ತೊಂದರೆಯಾಯಿತು, ಸರಿಪಡಿಸಲು ಏನು ಮಾಡಬೇಕು ಎಂದು ಇದೇ ಕ್ರಮದಲ್ಲಿ ಕೇಳಬೇಕು.

ಮರುದಿನ ಆ ಮೂವರು, ಅವರ ಮನೆಯವರು, ಮುಖ್ಯ ಶಿಕ್ಷಕಿ ಮತ್ತು ಬಿಸಿಯೂಟದ ಅಡುಗೆಯಮ್ಮ ಒಂದೇ ಜಮಖಾನದ ಮೇಲೆ ಕುಳಿತರು. ಯಾರಿಗೆ ತೊಂದರೆಯಾಯಿತು ಎಂದು ಕೇಳಿದಾಗ ಹುಡುಗರು "ಶಾಲೆಗೆ" ಎಂದರು. ಆಗ ಅಡುಗೆಯಮ್ಮ ಮಾತನಾಡಿದರು. "ಆವತ್ತು ಬೀದಿಯ ಬೋರ್‌ವೆಲ್‌ನಿಂದ ಹದಿನೆಂಟು ಕೊಡ ನೀರು ಹೊತ್ತೆ ಕಣಪ್ಪ. ಅಕ್ಕಿ ತೊಳೆಯಬೇಕು, ಪಾತ್ರೆ ತೊಳೆಯಬೇಕು. ನನ್ನ ಮಂಡಿ ಇನ್ನೂ ಊದಿಕೊಂಡಿದೆ. ಆದರೂ ನಿಮಗೆ ಊಟ ತಡವಾಯಿತಾ?" ಊಟ ತಡವಾಗಿರಲಿಲ್ಲ. ಅವರಲ್ಲಿ ದೊಡ್ಡವನು ಆಕೆಯ ಕಾಲನ್ನೇ ನೋಡುತ್ತ ಕುಳಿತಿದ್ದ. ಅವನ ಕಣ್ಣು ತುಂಬಿದ್ದು ನನ್ನ ಬೈಗುಳದಿಂದಲ್ಲ, ನಾನು ಬಾಯಿ ತೆರೆದಿರಲೇ ಇಲ್ಲ.

ಒಪ್ಪಂದವನ್ನು ಒಂದು ಹಾಳೆಯಲ್ಲಿ ಬರೆದೆವು. ಶನಿವಾರ ಮಧ್ಯಾಹ್ನ ಕೊಳಾಯಿ ರಿಪೇರಿಯವರ ಜೊತೆ ನಿಂತು ಮೂವರೂ ಹೊಸ ನಲ್ಲಿಗಳನ್ನು ಹಾಕಬೇಕು. ಎರಡು ವಾರ ಸಂಜೆ ಟ್ಯಾಂಕ್ ಮತ್ತು ನಲ್ಲಿಗಳನ್ನು ನೋಡಿಕೊಂಡು ಮನೆಗೆ ಹೋಗಬೇಕು. ಒಬ್ಬ ಪೋಷಕರು ಶೌಚಾಲಯವನ್ನೂ ತೊಳೆಸಿ ಎಂದರು, ನಾನು ಬೇಡವೆಂದೆ. ಮಾಡಿದ ಹಾನಿಗೆ ಸಂಬಂಧವಿಲ್ಲದ ಕೆಲಸ ಮತ್ತೆ ಅವಮಾನದ ಶಿಕ್ಷೆಯೇ ಆಗುತ್ತದೆ. ಒಪ್ಪಂದದ ಪ್ರತಿ ಸಾಲಿಗೂ ಯಾರು, ಯಾವಾಗ, ನೋಡಿಕೊಳ್ಳುವವರು ಯಾರು ಎಂಬುದು ಇರಲೇಬೇಕು. ಇಲ್ಲದಿದ್ದರೆ ನಿಮ್ಮ ಅನುಮಾನ ಸರಿ, ಅದು ನಿಜಕ್ಕೂ ಬಿಟ್ಟಂತೆಯೇ.

ಆದರೆ ಪೀಡನೆಯ ವಿಷಯದಲ್ಲಿ ಇದೇ ದಾರಿಯನ್ನು ಕಣ್ಣುಮುಚ್ಚಿ ಹಿಡಿದರೆ ಅಪಾಯ. ನಲ್ಲಿಗೆ ಭಯವಿಲ್ಲ, ಮಗುವಿಗೆ ಇದೆ. ಪೀಡನೆಯನ್ನು ಇಬ್ಬರು ಹುಡುಗರ ಜಗಳವೆಂದು ಭಾವಿಸಿ "ಇಬ್ಬರೂ ಕೈ ಕುಲುಕಿ" ಎನ್ನುವ ಶಾಲೆಗಳನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅಲ್ಲಿ ಒಬ್ಬನಿಗೆ ಬಲವಿದೆ, ಅವನ ಹಿಂದೆ ನಗುವ ನಾಲ್ವರಿದ್ದಾರೆ. ಇನ್ನೊಬ್ಬ ಒಂಟಿ. ಮೊದಲು ಪೀಡನೆ ನಿಲ್ಲಬೇಕು: ಬೆಂಚು ಬದಲಿಸಿ, ಶೌಚಾಲಯದ ದಾರಿಯಲ್ಲಿ, ಶಾಲಾ ವಾಹನದಲ್ಲಿ ದೊಡ್ಡವರೊಬ್ಬರು ಇರುವಂತೆ ಮಾಡಿ. ಆಮೇಲೆ ಪೀಡನೆಗೊಳಗಾದ ಮಗುವನ್ನು ಒಬ್ಬನೇ ಇರುವಾಗ ಕೇಳಿ, ಅವನನ್ನು ಎದುರಿಸಲು ನಿನಗೆ ಇಷ್ಟವೇ ಎಂದು. ಬೇಡವೆಂದರೆ ಅಲ್ಲಿಗೆ ಮುಗಿಯಿತು. ಅವನ ಮಾತನ್ನು ಶಿಕ್ಷಕರೇ ಇನ್ನೊಬ್ಬನಿಗೆ ಮುಟ್ಟಿಸಬಹುದು. ಲೈಂಗಿಕ ಕಿರುಕುಳವಿದ್ದರೆ ಶಾಲೆಯ ಸಭೆಯಲ್ಲಿ ಮುಗಿಸುವ ಮಾತೇ ಇಲ್ಲ, ಪೋಕ್ಸೋ ಕಾಯ್ದೆಯ 19ನೆಯ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ.

ಸಭೆ ಫಲ ಕೊಟ್ಟಿತೇ ಎಂದು ತಿಳಿಯಲು ಕ್ಷಮೆ ಕೇಳಿದ ಹುಡುಗನ ಮುಖ ನೋಡಬೇಡಿ. ಎರಡು ವಾರವಾದ ಮೇಲೆ ಪೀಡನೆಗೊಳಗಾದ ಮಗುವಿನ ಹಾಜರಿ ಪುಸ್ತಕ ನೋಡಿ, ಅವನು ಊಟಕ್ಕೆ ಯಾರ ಪಕ್ಕ ಕೂರುತ್ತಾನೆ ನೋಡಿ. ಸೋಮವಾರ ಹೊಟ್ಟೆನೋವು ಬರುತ್ತಿದ್ದರೆ ಏನೂ ಸರಿಯಾಗಿಲ್ಲ ಎಂದೇ ಅರ್ಥ.

ಸಂಶೋಧನೆಯೂ ಒಂದೇ ದನಿಯಲ್ಲಿ ಮಾತನಾಡುವುದಿಲ್ಲ. ಇಂಗ್ಲೆಂಡಿನ 40 ಪ್ರೌಢಶಾಲೆಗಳಲ್ಲಿ ಮೂರು ವರ್ಷ ನಡೆದ, 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪೀಡನೆ ಸ್ವಲ್ಪ ಇಳಿಯಿತು, ಆಕ್ರಮಣಕಾರಿ ನಡವಳಿಕೆ ಇಳಿದದ್ದು ಕಾಣಲಿಲ್ಲ. ಅಮೆರಿಕದ ಪಿಟ್ಸ್‌ಬರ್ಗ್‌ನ 44 ಶಾಲೆಗಳಲ್ಲಿ 2015ರಿಂದ ಎರಡು ವರ್ಷ ನಡೆದ ಪ್ರಯೋಗದಲ್ಲಿ ಅಮಾನತುಗಳು ಕಡಿಮೆಯಾದವು, ಶಾಲೆಯ ವಾತಾವರಣ ಸುಧಾರಿಸಿತೆಂದು ಶಿಕ್ಷಕರು ಹೇಳಿದರು. ಆದರೆ ಆರರಿಂದ ಎಂಟನೆಯ ತರಗತಿಯ ಮಕ್ಕಳ ಓದಿನ ಫಲಿತಾಂಶ ಕುಸಿಯಿತು. ನನಗೆ ಇದು ಪದ್ಧತಿಯನ್ನು ಕೈಬಿಡಲು ಕಾರಣವೆಂದು ಅನ್ನಿಸುವುದಿಲ್ಲ. ಆದರೆ ಪ್ರತಿ ಗಲಾಟೆಗೂ ಪಾಠ ನಿಲ್ಲಿಸಿ ವೃತ್ತ ಹಾಕಿ ಕೂರಬಾರದೆಂಬ ಎಚ್ಚರಿಕೆ ಅದರಲ್ಲಿದೆ. ನಿಜವಾಗಿ ಯಾರಿಗೋ ಹಾನಿಯಾದಾಗ, ಮೊದಲೇ ಸಿದ್ಧತೆ ಮಾಡಿಕೊಂಡು, ಪಾಠದ ವೇಳೆಯ ಹೊರಗೆ ಸಭೆ ನಡೆಸಬೇಕು.

ಭಯದ ಮಾತು ಕೇಳಿದ್ದಿರಿ. ಆ ಮೂವರಲ್ಲಿ ಚಿಕ್ಕವನು ಸಭೆಯ ಹಿಂದಿನ ದಿನ ನನ್ನ ಬಳಿ ಬಂದು ಕೈ ಚಾಚಿದ್ದ. "ಸಾರ್, ಬೇಕಾದರೆ ಹೊಡೆದುಬಿಡಿ. ಅಡುಗೆಯಮ್ಮನ ಎದುರಿಗೆ ಮಾತ್ರ ಕೂರಿಸಬೇಡಿ."