ಮೊದಲು ಕಾಣೆಯಾಗುವುದು ಒತ್ತಕ್ಷರ

ಅಕ್ಕಿ ಹಿಟ್ಟಿನ ಪೊಟ್ಟಣದ ಹಿಂದೆ ರೊಟ್ಟಿ ಮಾಡುವ ವಿಧಾನ ಅಚ್ಚಾಗಿರುತ್ತದೆ. ಇಂಗ್ಲಿಷ್ ಸಾಲು ಸಲೀಸಾಗಿ ಓದಬಹುದು. ಕನ್ನಡ ಸಾಲಿಗೆ ಮಾತ್ರ ಪೊಟ್ಟಣವನ್ನು ಬೆಳಕಿಗೆ ಹಿಡಿಯಬೇಕು. ‘ಕನ್ನಡ ಲಿಪಿಯೇ ಕಷ್ಟ’ ಎಂದು ಕೆಲವರು ಸುಮ್ನೆ ಹೇಳಿಬಿಡುತ್ತಾರೆ. ನನಗೆ ಇದನ್ನು ಕೇಳಿದರೆ ಬೇಜಾರಾಗುತ್ತದೆ. ತಪ್ಪು ಲಿಪಿಯದಲ್ಲ, ಅಳತೆಯದು.

ಎರಡೂ ಸಾಲು 6 ಪಾಯಿಂಟ್ ಎಂದುಕೊಳ್ಳಿ. ಅಂದರೆ ಅಕ್ಷರ ಕೂರುವ ಚೌಕದ ಎತ್ತರ ಸುಮಾರು 2.1 ಮಿಲಿಮೀಟರ್. ಇಂಗ್ಲಿಷಿನ ದೊಡ್ಡಕ್ಷರ ಅದರಲ್ಲಿ ಒಂದೂವರೆ ಮಿಲಿಮೀಟರ್‌ನಷ್ಟು ಜಾಗ ಹಿಡಿಯುತ್ತದೆ. ಕನ್ನಡದಲ್ಲಿ ಅದೇ ಚೌಕದೊಳಗೆ ಮೇಲೆ ಗುಡಿಸು, ಕೆಳಗೆ ಒತ್ತು ಎರಡೂ ಹಿಡಿಯಬೇಕು. ಹಾಗಾಗಿ ಮೂಲ ಅಕ್ಷರಕ್ಕೆ ಉಳಿಯುವುದು ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಒತ್ತು ಅದಕ್ಕಿಂತಲೂ ಚಿಕ್ಕದು, ಅರ್ಧ ಮಿಲಿಮೀಟರ್ ಆಸುಪಾಸು. ‘ಅಕ್ಕಿ’, ‘ಹಿಟ್ಟು’, ‘ರೊಟ್ಟಿ’ ಮೂರರಲ್ಲೂ ಒತ್ತಿದೆ ನೋಡಿ. ‘ರಾಷ್ಟ್ರ’ದಲ್ಲಂತೂ ಒಂದರ ಕೆಳಗೆ ಎರಡು.

ಇನ್ನು ಶಾಯಿ. ಪ್ಲಾಸ್ಟಿಕ್ ಪೊಟ್ಟಣಗಳಿಗೆ ಬಳಸುವ ಫ್ಲೆಕ್ಸೊ ಮುದ್ರಣದಲ್ಲಿ ಅಚ್ಚಿನ ಫಲಕ ರಬ್ಬರಿನಂತೆ ಮೆತ್ತಗಿರುತ್ತದೆ. ಒತ್ತಿದಾಗ ಶಾಯಿ ಅಂಚು ದಾಟಿ ಹರಡುತ್ತದೆ, ಒದ್ದೆ ನೆಲದ ಮೇಲೆ ಎಳೆದ ರಂಗೋಲಿಯಂತೆ. ದೊಡ್ಡ ಅಕ್ಷರಕ್ಕೆ ಅದು ಲೆಕ್ಕಕ್ಕಿಲ್ಲ. ಒತ್ತಿನ ಪುಟ್ಟ ಸುರುಳಿ ಮಾತ್ರ ಮುಚ್ಚಿಹೋಗಿ ಒಂದು ಚುಕ್ಕೆಯಾಗುತ್ತದೆ. ‘ಧ’ದ ಸೀಳು, ‘ಥ’ದ ಒಳಚುಕ್ಕೆ ಸಹ ಹೀಗೇ ಹೋಗಿ ಎರಡೂ ‘ದ’ದಂತೆ ಕಾಣುತ್ತವೆ. ದಪ್ಪ ಫಾಂಟ್ ಹಾಕಿದರೆ ಚೆನ್ನಾಗಿ ಕಾಣುತ್ತದೆ ಅನ್ನಿಸುತ್ತದೆ, ಅಲ್ವಾ? ಚಿಕ್ಕ ಗಾತ್ರದಲ್ಲಿ ಅದು ಉಲ್ಟಾ. ಗೆರೆ ದಪ್ಪವಾದಷ್ಟೂ ಒಳಗಿನ ಜಾಗ ಕಡಿಮೆ. ಕಡುಬಣ್ಣದ ಮೇಲಿನ ಬಿಳಿ ಅಕ್ಷರ ಇನ್ನೂ ಕಷ್ಟ, ಅಲ್ಲಿ ಸುತ್ತಲಿನ ಶಾಯಿ ತೆಳು ಗೆರೆಯನ್ನೇ ನುಂಗುತ್ತದೆ.

ಪರಿಚಿತ ಪದವನ್ನು ಕಣ್ಣು ಊಹಿಸಿಕೊಳ್ಳುತ್ತದೆ. ಆದರೆ ಒತ್ತು ಹೋದರೆ ‘ಬಳ್ಳಿ’ ‘ಬಳಿ’ಯಾಗುತ್ತದೆ, ‘ಕತ್ತೆ’ ‘ಕತೆ’ಯಾಗುತ್ತದೆ.

1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟಾಗ ಅದನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಕಲ್ಲಚ್ಚಿನಲ್ಲಿ ಅಕ್ಷರ ಕೈಬರಹದ್ದು. ಬರೆಯುವವನ ಕೈ ಒತ್ತಿಗೆ ಬೇಕಾದಷ್ಟು ಜಾಗ ಬಿಟ್ಟುಕೊಂಡೇ ಮುಂದೆ ಹೋಗಬಹುದಿತ್ತು. ಈಗ ಆ ಜಾಗವನ್ನು ನಾವೇ ನೆನಪಿಟ್ಟು ಕೊಡಬೇಕು.

ಪೋಸ್ಟರಿನಲ್ಲಿ ಅಕ್ಷರ ದೊಡ್ಡದು, ತೊಂದರೆ ಬೇರೆ. ಇಂಗ್ಲಿಷಿನ ಸಾಲಿನಂತರವನ್ನೇ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಕೆಲವು ವಿನ್ಯಾಸ ತಂತ್ರಾಂಶಗಳಲ್ಲಿ ಭಾರತೀಯ ಲಿಪಿಯ ಆಯ್ಕೆ ಆನ್ ಮಾಡದಿದ್ದರೆ ‘ಅಕ್ಕಿ’ ಒಡೆದು ‘ಅಕ್‌ಕಿ’ ಆಗುತ್ತದೆ.

ಪರೀಕ್ಷೆ ಸುಲಭ. ಪರದೆಯ ಮೇಲೆ ಹಿಗ್ಗಿಸಿ ನೋಡಬೇಡಿ. ‘ರಾಷ್ಟ್ರ, ಧಾನ್ಯ, ಕತ್ತೆ’ ಎಂದು ಅದೇ ಫಾಂಟಿನಲ್ಲಿ, ನಿಜವಾದ ಅಳತೆಯಲ್ಲಿ, ಅದೇ ಪ್ಲಾಸ್ಟಿಕ್ ಮೇಲೆ ಅಚ್ಚು ಹಾಕಿಸಿ. ಒಂದು ಮೊಳ ದೂರ ಹಿಡಿದು, ವಿಷಯ ಗೊತ್ತಿಲ್ಲದವರಿಗೆ ಓದಲು ಕೊಡಿ. ಅವರು ‘ಕತೆ’ ಎಂದರೆ ಒಂದೆರಡು ಪಾಯಿಂಟ್ ಹೆಚ್ಚಿಸಿ, ಮತ್ತೆ ಅಚ್ಚು ಹಾಕಿಸಿ.