ಹೆಬ್ಬೆಟ್ಟಿನ ಉಯಿಲು: ಅಜ್ಜಿಗೆ ಅರ್ಥವಾಗಿತ್ತು ಅಂತ ಕೋರ್ಟಿಗೆ ಹೇಳುವವರು ಯಾರು?

‘ಓದಿಸಿ ಕೇಳಿ, ತಿಳಿದು, ಒಪ್ಪಿ ಹೆಬ್ಬೆಟ್ಟಿನ ಗುರುತು ಹಾಕಿರುತ್ತೇನೆ.’ ನಮ್ಮ ಕಡೆಯ ಉಯಿಲುಗಳ ಕೊನೆಯಲ್ಲಿ ಈ ಸಾಲು ಇದ್ದೇ ಇರುತ್ತದೆ. ಪತ್ರ ಬರಹಗಾರರು ಕಣ್ಣು ಮುಚ್ಚಿಕೊಂಡು ಟೈಪ್ ಮಾಡುವ ಸಾಲು ಇದು. ತಕರಾರು ಬಂದಾಗ ಇದೊಂದನ್ನೇ ನಂಬಿಕೊಂಡರೆ ಪ್ರಯೋಜನವಿಲ್ಲ. ಯಾರು ಓದಿದರು, ಯಾವ ಭಾಷೆಯಲ್ಲಿ ಓದಿದರು, ಕೇಳಿಸಿಕೊಂಡವರು ಏನಂದರು ಅಂತ ಎದುರು ವಕೀಲರು ಕೇಳುತ್ತಾರೆ. ಉತ್ತರ ಕಾಗದದಲ್ಲಿ ಇರುವುದಿಲ್ಲ, ಅಲ್ಲಿದ್ದ ಸಾಕ್ಷಿಯ ಬಾಯಲ್ಲಿ ಬರಬೇಕು.

ಕಣ್ಣು ಕಾಣದವರು, ಓದು ಬಾರದವರು ಉಯಿಲು ಬರೆಸಲು ಕಾನೂನಿನ ಅಡ್ಡಿ ಇಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 59ನೇ ಕಲಮು ಕೇಳುವುದು ಇಷ್ಟೇ: ತಾನು ಏನು ಮಾಡುತ್ತಿದ್ದೇನೆ ಅನ್ನುವುದು ಅವರಿಗೆ ಗೊತ್ತಿರಬೇಕು. 63ನೇ ಕಲಮಿನ ಪ್ರಕಾರ ಸಹಿಯ ಬದಲು ಗುರುತು ಹಾಕಿದರೂ ನಡೆಯುತ್ತದೆ. ಕನಿಷ್ಠ ಇಬ್ಬರು ಸಾಕ್ಷಿಗಳು ಅದನ್ನು ನೋಡಿರಬೇಕು, ಇಲ್ಲವೇ ‘ಇದು ನಾನೇ ಹಾಕಿದ್ದು’ ಅಂತ ಅವರ ಬಾಯಿಂದ ಕೇಳಿರಬೇಕು. ಆಮೇಲೆ ಅವರೆದುರೇ ತಾವೂ ಸಹಿ ಮಾಡಬೇಕು. (ಮುಸ್ಲಿಮರ ಉಯಿಲಿಗೆ ನಿಯಮ ಬೇರೆ, ಅದನ್ನು ಇಲ್ಲಿ ಬಿಟ್ಟಿದ್ದೇನೆ.)

ನನ್ನ ವಕೀಲಿಕೆಯ ಒಂದು ಕೇಸು ಹೇಳುತ್ತೇನೆ. ಗ್ಲಾಕೋಮಾದಿಂದ ಎರಡೂ ಕಣ್ಣು ಹೋಗಿದ್ದ, ಅಕ್ಷರ ಬಾರದ ಅಜ್ಜಿ. ತಾನೇ ಕೊಂಡಿದ್ದ ಎರಡು ಎಕರೆ ತೆಂಗಿನ ತೋಟವನ್ನು, ತನ್ನನ್ನು ನೋಡಿಕೊಳ್ಳುತ್ತಿದ್ದ ಮಗಳಿಗೆ ಕೊಡಬೇಕು ಅಂತ ಅವರ ಆಸೆ. ಮಗನಿಗೆ ಆಗಲೇ ಸೈಟು ಕೊಟ್ಟಾಗಿತ್ತು. ಆಟೋ ಮಾಡಿಕೊಂಡು ಕರೆತಂದವಳೂ ಮಗಳೇ. ಎಡವಟ್ಟು ಶುರುವಾಗುವುದು ಅಲ್ಲೇ. 1958ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ, ಮೈಸೂರು ಸೀಮೆಯದ್ದೇ ಆದ ಎಚ್. ವೆಂಕಟಾಚಲ ಅಯ್ಯಂಗಾರ್ ಕೇಸನ್ನು ಇವತ್ತಿಗೂ ಎಲ್ಲರೂ ಎತ್ತುತ್ತಾರೆ. ಉಯಿಲು ಬರೆಸುವುದರಲ್ಲಿ ಮುಂದೆ ನಿಂತವರೇ ಅದರಿಂದ ದೊಡ್ಡ ಲಾಭ ಪಡೆದರೆ ಅದೇ ಒಂದು ಅನುಮಾನ, ಅದನ್ನು ಹೋಗಲಾಡಿಸುವ ಹೊಣೆಯೂ ಉಯಿಲು ತಂದವರದ್ದೇ ಅನ್ನುತ್ತದೆ ಆ ತೀರ್ಪು.

ಹಾಗಾಗಿ ಮಗಳನ್ನು ಹೊರಗೆ ಕೂರಿಸಿದೆವು. ಓದಿದವರು ನಿವೃತ್ತ ಮೇಡಮ್ಮೊಬ್ಬರು, ಸಾಕ್ಷಿಯೂ ಅವರೇ. ನಾನು ಓದಲಿಲ್ಲ. ಓದಿದವರು ಮುಂದೆ ಸಾಕ್ಷಿಕಟ್ಟೆ ಹತ್ತಬೇಕಾಗುತ್ತದೆ, ವಕೀಲರೇ ಸಾಕ್ಷಿಯಾದರೆ ಆ ಕೇಸು ನಡೆಸುವ ಹಾಗಿಲ್ಲ. ಓದುವ ಮೊದಲೇ ಅಜ್ಜಿಯನ್ನು ಮಾತಾಡಿಸಿದೆವು. ‘ತೋಟ ಮಗಳಿಗೆ ತಾನೇ?’ ಅಂತ ಕೇಳಿದರೆ ಯಾರಾದರೂ ತಲೆಯಾಡಿಸುತ್ತಾರೆ. ‘ನಿಮಗೆ ಏನೇನಿದೆ? ಮಕ್ಕಳೆಷ್ಟು? ಯಾರಿಗೆ ಏನು ಕೊಡ್ತೀರಿ? ಮಗನಿಗೆ ಯಾಕಿಲ್ಲ?’ ಅಂತ ಕೇಳಿದಾಗ ಅವರೇ ಹೇಳಬೇಕಾಗುತ್ತದೆ. ಮಗನ ಸೈಟಿನ ಮಾತನ್ನು ಉಯಿಲಿನಲ್ಲೂ ಬರೆಸಿದೆವು.

ಆಮೇಲೆ ಮೇಡಂ ಒಂದೊಂದೇ ಸಾಲು ನಿಧಾನವಾಗಿ ಓದಿದರು. ತೋಟದ ನಾಲ್ಕು ಕಡೆಯ ಗಡಿ ಹೇಳುವ ಚೆಕ್ಕುಬಂದಿ ಓದುವಾಗ ಅಜ್ಜಿ ತಡೆದರು: ‘ತಡ್ಕೊಳ್ಳಮ್ಮ, ಬಾವಿ ನೀರಲ್ಲಿ ನನಗೆ ಅರ್ಧ ಪಾಲಿದೆ, ಅದೆಲ್ಲಿ ಹೋಯ್ತು?’ ನಮ್ಮ ಕರಡಿನಲ್ಲಿ ಅದು ಬಿಟ್ಟುಹೋಗಿತ್ತು. ಪೆನ್ನಲ್ಲಿ ಸೇರಿಸಿ, ಹೊಸದಾಗಿ ಟೈಪ್ ಮಾಡಿಸಿ, ಪೂರ್ತಿ ಮತ್ತೆ ಓದಿಸಿದೆವು. ಹಳೇ ಕರಡನ್ನು ಎಸೆಯಲಿಲ್ಲ, ಮೇಡಂ ಕೈಲಿ ಸಹಿ ಹಾಕಿಸಿ ಫೈಲಿಗೆ ಸೇರಿಸಿದೆವು. ಅರ್ಥವಾಗದವರು ಹೀಗೆ ತಿದ್ದುವುದಿಲ್ಲ. ನನ್ನ ಕೇಳಿದರೆ ಆ ಒಂದು ಕರಡು ಹತ್ತು ಸರ್ಟಿಫಿಕೇಟಿಗೆ ಸಮ.

ಪ್ರತಿ ಹಾಳೆಗೂ ಹೆಬ್ಬೆಟ್ಟು ಒತ್ತಿಸಿದೆವು. ಗೆರೆ ಕಾಣಬೇಕು, ಬರೀ ಮಸಿ ಅಲ್ಲ. ಪಕ್ಕದಲ್ಲಿ ಯಾರ ಗುರುತು, ಯಾವ ಕೈಯದ್ದು ಅಂತ ಬರೆದೆವು. ಸಾಕ್ಷಿಗಳು ಸಹಿ ಮಾಡುವಾಗ ‘ಅಜ್ಜಿ, ನಾನೀಗ ಸಹಿ ಮಾಡ್ತಿದ್ದೀನಿ’ ಅಂತ ಬಾಯಿಬಿಟ್ಟು ಹೇಳಿದರು. ಕಾಣದವರಿಗೆ ಗೊತ್ತಾಗುವುದು ಹಾಗೇ ಅಲ್ವಾ?

ಕಾಯಿಲೆ ಜೋರಾಗಿರುವವರ ವಿಷಯದಲ್ಲಿ ಮುಖ್ಯವಾಗುವುದು ಆ ಹೊತ್ತು. ಬೆಳಿಗ್ಗೆ ಚುರುಕಾಗಿದ್ದವರು ನೋವಿನ ಇಂಜೆಕ್ಷನ್ ಕೊಟ್ಟ ಮೇಲೆ ಮಂಪರಿನಲ್ಲಿರಬಹುದು. ‘ಮಾನಸಿಕವಾಗಿ ಸ್ವಸ್ಥರು’ ಅಂತ ಸೀಲು ಒತ್ತಿದ ಚೀಟಿ ಸಾಲದು. ಚಿಕಿತ್ಸೆ ಕೊಡುವ ಡಾಕ್ಟರೇ ಅದೇ ದಿನ ಮಾತಾಡಿಸಿ ನೋಡಿ, ಗಂಟೆ ಎಷ್ಟು, ಯಾವ ಔಷಧಿ ಯಾವಾಗ ಕೊಟ್ಟಿತ್ತು, ಏನು ಕೇಳಿದಾಗ ಏನು ಹೇಳಿದರು ಅಂತ ಬರೆಯಬೇಕು. ಆಸ್ಪತ್ರೆಯ ಕೇಸ್ ಶೀಟಿನಲ್ಲಿ ಅದೇ ಹೊತ್ತಿಗೆ ನರ್ಸ್ ‘ಮಂಪರು’ ಅಂತ ಬರೆದಿದ್ದರೆ ಡಾಕ್ಟರ ಚೀಟಿ ನಿಲ್ಲುವುದು ಕಷ್ಟ. ಮೊದಲು ಶೀಟು ನೋಡಿ, ಆಮೇಲೆ ಸಮಯ ಗೊತ್ತು ಮಾಡಿ.

ನೋಂದಣಿ ಕಡ್ಡಾಯವಲ್ಲ. ಆದರೂ ಮಾಡಿಸುವುದು ಒಳ್ಳೆಯದು. ಹಾಸಿಗೆ ಹಿಡಿದವರಾದರೆ ಅರ್ಜಿ ಕೊಟ್ಟು ಸಬ್ ರಿಜಿಸ್ಟ್ರಾರನ್ನು ಮನೆಗೇ ಕರೆಸಬಹುದು. ಆದರೆ ನೋಂದಣಿಯಾದ ಮಾತ್ರಕ್ಕೆ ಅನುಮಾನ ಕಳೆಯುವುದಿಲ್ಲ.

ವಿಡಿಯೋ ಮಾಡಿಸಿದರೆ ಕತ್ತರಿಸಬೇಡಿ, ಮೂಲ ಫೈಲನ್ನು ಹಾಗೇ ಇಡಿ. ಆದರೆ ಹಿಂದಿನಿಂದ ಯಾರೋ ‘ಹೂಂ ಅನ್ನಿ’ ಅಂದದ್ದು ಅದರಲ್ಲಿ ಕೇಳಿಸಿದರೆ ಅದು ಎದುರಾಳಿಯ ಸಾಕ್ಷ್ಯವಾಗುತ್ತದೆ. ಇನ್ನು ಸಾಕ್ಷಿಗಳು ಉಯಿಲು ಮಾಡುವವರಿಗಿಂತ ವಯಸ್ಸಿನಲ್ಲಿ ಚಿಕ್ಕವರಿರಲಿ. ಉಯಿಲು ರುಜುವಾತು ಮಾಡುವ ದಿನ ಅವರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕು.