ಕೆ-ನೆಯ ಚಿಕ್ಕ ಸಂಖ್ಯೆ: ಎಣಿಕೆ ತಪ್ಪುವುದು ಎಲ್ಲಿ?

ಸರ್ವರ್ ಒಂದರ ಕೊನೆಯ 10,000 ಉತ್ತರಗಳ ಪೈಕಿ 9,900ನೆಯ ಚಿಕ್ಕ ಸಮಯ ಯಾವುದೆಂದು ಪ್ರತಿ ಕ್ಷಣವೂ ತಿಳಿಯಬೇಕಾಗಿದೆ ಎಂದುಕೊಳ್ಳೋಣ. ಹೊಸ ಅಳತೆ ಬಂದಂತೆ ಹಳೆಯದನ್ನು ತೆಗೆಯಬೇಕು. ವಿಂಗಡಿಸಿದ ಅರೇಯಲ್ಲಿ ಇದನ್ನು ಮಾಡಿದರೆ ಪ್ರತಿ ಸಲವೂ ಸಾವಿರಾರು ಅಂಶಗಳನ್ನು ಸರಿಸಬೇಕಾಗಬಹುದು. ರೆಡ್-ಬ್ಲ್ಯಾಕ್ ಟ್ರೀಯ ಪ್ರತಿ ನೋಡ್‌ನಲ್ಲೂ ಅದರ ಉಪವೃಕ್ಷದ ಗಾತ್ರವನ್ನು ಬರೆದಿಟ್ಟರೆ, ಬೇರಿನಿಂದ ಹೆಚ್ಚೆಂದರೆ 26 ಮೆಟ್ಟಿಲು ಇಳಿಯುವಷ್ಟರಲ್ಲಿ ಉತ್ತರ ಸಿಗುತ್ತದೆ. ಒಂದೇ ಸಮಯ ಎರಡು ಸಲ ಬರಬಹುದಾದ್ದರಿಂದ ಸಮಯದ ಜೊತೆಗೆ ಕ್ರಮಸಂಖ್ಯೆಯನ್ನೂ ಕೀಲಿಯಲ್ಲಿ ಸೇರಿಸುವುದು ಒಳ್ಳೆಯದು.

ಹುಡುಕಾಟ ಸರಳವಾದದ್ದು. ಬೇರಿನಲ್ಲಿ 20, ಅದರ ಎಡಕ್ಕೆ 10, ಬಲಕ್ಕೆ 30, ಆ 30ರ ಕೆಳಗೆ 25 ಮತ್ತು 40 ಇರಲಿ. ನಾಲ್ಕನೆಯದು ಬೇಕಾದರೆ, 20ರ ಎಡಗಡೆಯ ಗಾತ್ರ 1 ಆದ್ದರಿಂದ 20 ಎರಡನೆಯದು. ಆ ಎರಡನ್ನು ಕಳೆದು, ಬಲಗಡೆಯಲ್ಲಿ ಎರಡನೆಯದನ್ನು ಹುಡುಕಬೇಕು. 30ರ ಎಡಗಡೆಯೂ 1 ಇರುವುದರಿಂದ 30 ಎಂಬುದೇ ಉತ್ತರ.

ನನ್ನ ಅನುಭವದಲ್ಲಿ ತಪ್ಪು ಹೆಚ್ಚಾಗಿ ನುಸುಳುವುದು ಸಮತೋಲನಕ್ಕಾಗಿ ಮರವನ್ನು ತಿರುಗಿಸುವಾಗ. ಮೇಲಿನ ಮರವನ್ನು 20ರ ಸುತ್ತ ಎಡಕ್ಕೆ ತಿರುಗಿಸಿದರೆ 30 ಮೇಲೇರಿ, 20 ಅದರ ಎಡಕ್ಕೆ ಇಳಿದು, 25 ಎಂಬುದು 20ರ ಬಲಕ್ಕೆ ಸೇರುತ್ತದೆ. ಕೆಳಗಿನ ಸಾಲುಗಳಲ್ಲಿ `x` ಎಂದರೆ 20, `y` ಎಂದರೆ 30.

```
x.right = y.left
y.left = x
x.size = size(x.left) + size(x.right) + 1
y.size = size(y.left) + size(y.right) + 1
```

ಕೊನೆಯ ಎರಡು ಸಾಲುಗಳನ್ನು ಅದಲುಬದಲು ಮಾಡಿದರೆ, 30ರ ಗಾತ್ರವನ್ನು ಲೆಕ್ಕ ಹಾಕುವ ಹೊತ್ತಿಗೆ 20ರಲ್ಲಿ ಇನ್ನೂ ಹಳೆಯ 5 ಉಳಿದಿರುತ್ತದೆ. ಹಾಗಾಗಿ 5, 1, 1 ಸೇರಿ 7 ಬರುತ್ತದೆ, ಆದರೆ ಬರಬೇಕಾದದ್ದು 5. ಈ ತಪ್ಪು ಕೂಡಲೇ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಹುಡುಕಾಟ ನೋಡುವುದು ಪ್ರತಿ ಹಂತದಲ್ಲೂ ಎಡಮಗುವಿನ ಗಾತ್ರವನ್ನು ಮಾತ್ರ, ಮತ್ತು 30 ಬೇರಾಗಿಯೋ ಬಲಮಗುವಾಗಿಯೋ ಇರುವವರೆಗೆ ಅದರ 7ನ್ನು ಯಾರೂ ಓದುವುದಿಲ್ಲ. ಇದೇ ಐದು ನೋಡ್‌ಗಳು 100ರ ಎಡಕ್ಕಿದ್ದರೆ ಮಾತ್ರ ಪೆಟ್ಟು ಬೀಳುತ್ತದೆ: ಆರನೆಯದನ್ನು ಕೇಳಿದಾಗ 100 ಬರಬೇಕಾದಲ್ಲಿ, ಎಡಗಡೆ ಏಳಿವೆ ಎಂದು ನಂಬಿದ ಹುಡುಕಾಟ 30ಕ್ಕೂ ಅಲ್ಲಿಂದ 40ಕ್ಕೂ ಇಳಿದು, ಅದರಾಚೆಯ ಖಾಲಿ ಕೊಂಡಿಗೆ ಬಡಿದು ನಿಲ್ಲುತ್ತದೆ.

ಬೇರಿನ ಗಾತ್ರ ಒಟ್ಟು ಅಂಶಗಳಿಗೆ ಸಮವಾಗಿದೆಯೇ ಎಂದು ನೋಡಿ ತೃಪ್ತರಾಗುವವರನ್ನು ನಾನು ಹಲವು ಬಾರಿ ಕಂಡಿದ್ದೇನೆ. ಆ ಪರೀಕ್ಷೆ ಇಲ್ಲಿ ಸಾಲದು: ಸೇರಿಸುವಾಗ ಹಾದಿಯುದ್ದಕ್ಕೂ ಗಾತ್ರಕ್ಕೆ ಒಂದು ಕೂಡಿಸುತ್ತಾ, ಅಳಿಸುವಾಗ ಒಂದು ಕಳೆಯುತ್ತಾ ಹೋಗುವ ಕೋಡ್‌ನಲ್ಲಿ, ಒಳಗಿನ ನೋಡ್ ಕೆಟ್ಟಿದ್ದರೂ ಬೇರಿನ ಎಣಿಕೆ ಸರಿಯಾಗಿಯೇ ಇರಬಹುದು. ಪರೀಕ್ಷಾ ಬಿಲ್ಡ್‌ನಲ್ಲಿ ಪ್ರತಿ ಬದಲಾವಣೆಯ ನಂತರ ಇಡೀ ಮರವನ್ನು ಸುತ್ತಿ, ಪ್ರತಿ ನೋಡ್‌ನ ಗಾತ್ರ ಅದರ ಮಕ್ಕಳ ಗಾತ್ರಗಳ ಮೊತ್ತಕ್ಕಿಂತ ಸರಿಯಾಗಿ ಒಂದು ಹೆಚ್ಚಿದೆಯೇ ಎಂದು ನೋಡಬೇಕು. ಇದಕ್ಕೆ ಎಲ್ಲ ನೋಡ್‌ಗಳನ್ನೂ ಮುಟ್ಟಬೇಕಾದ್ದರಿಂದ ನಿಜವಾದ ಸರ್ವರ್‌ನಲ್ಲಿ ಓಡಿಸಲಾಗದು, ಆದರೆ ಕೆಲವು ನೂರು ಅಂಶಗಳ ಮೇಲೆ ಯಾದೃಚ್ಛಿಕವಾಗಿ ಸೇರಿಸುತ್ತಾ ಅಳಿಸುತ್ತಾ ಹೋದರೆ ಅದಲುಬದಲಾದ ಆ ಎರಡು ಸಾಲುಗಳು ಬೇಗನೆ ಸಿಕ್ಕಿಬೀಳುತ್ತವೆ.